ಚೆನ್ನೆಮಣೆಯಲ್ಲಿ ಐದರ ವಾರ

ಆಟಿ ತಿಂಗಳ ಮಳೆಗೆ ಅಂಗಳವೆಲ್ಲ ಕೆಸರಾದಾಗ ಕಾಸರಗೋಡಿನ ಹಳೆಯ ಮನೆಗಳ ಚಾವಡಿಯಲ್ಲಿ ಚೆನ್ನೆಮಣೆ ಹೊರಬರುತ್ತಿತ್ತು. ಎರಡು ಸಾಲು, ಸಾಲಿಗೆ ಏಳರಂತೆ ಹದಿನಾಲ್ಕು ಗುಳಿ. ಗುಳಿಗೆ ನಾಲ್ಕರಂತೆ ಐವತ್ತಾರು ಕಾಯಿ. ಅಜ್ಜಿಯ ಪಕ್ಕದಲ್ಲಿ ಕುಳಿತ ಮಗು ಒಂದು ಗುಳಿಯ ಕಾಯಿಗಳನ್ನು ಬಾಚಿಕೊಂಡು ಮುಂದಿನ ಗುಳಿಗಳಿಗೆ ಒಂದೊಂದಾಗಿ ಹಾಕುತ್ತ ಸಾಗುತ್ತಿತ್ತು. ಯಾರೂ ಅದನ್ನು ಪಾಠವೆಂದು ಕರೆಯಲಿಲ್ಲ. ಆದರೆ ಶಾಲಾಪೂರ್ವ ಶಿಕ್ಷಣದಲ್ಲಿ ಇಂದು ಪ್ರತ್ಯೇಕ ಶೀರ್ಷಿಕೆಗಳಡಿ ಬರೆಯಲಾಗುವ ಎಣಿಕೆ, ಮಾತು ಮತ್ತು ಬೆರಳಿನ ಸೂಕ್ಷ್ಮ ಚಲನೆ ಎಂಬ ಮೂರೂ ಆ ಒಂದು ಆಟದಲ್ಲಿ ಕೂಡಿಬರುತ್ತಿದ್ದವು.

ಅಂಗನವಾಡಿಗಳಿಗಾಗಿ 2024ರಲ್ಲಿ ಕೇಂದ್ರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯವು ಹೊರತಂದ ‘ಆಧಾರಶಿಲಾ’ ಪಠ್ಯಕ್ರಮವು ವಾರವನ್ನು ಐದು ಮತ್ತು ಒಂದು ದಿನವಾಗಿ ವಿಂಗಡಿಸಿ ಆಟದ ಮೂಲಕ ಕಲಿಕೆಯನ್ನು ಸೂಚಿಸುತ್ತದೆ. ಆ ಚೌಕಟ್ಟಿಗೆ ಚೆನ್ನೆಮಣೆಯನ್ನು ಹೊಂದಿಸಿದರೆ ನಾಲ್ಕರಿಂದ ಐದು ವರ್ಷದ ಮಕ್ಕಳಿಗೆ ‘ಐದು’ ಎಂಬ ಒಂದೇ ಸಂಖ್ಯೆಯ ಸುತ್ತ ಒಂದು ವಾರವನ್ನು ಕಟ್ಟಬಹುದು. ದಿನಕ್ಕೆ ಅರ್ಧ ಗಂಟೆ ಸಾಕು. ಅದನ್ನೂ ಎರಡು ಪಾಲು ಮಾಡಿದರೆ ಲೇಸು.

ಕಾಸರಗೋಡಿನಲ್ಲಿ ಇಂತಹ ವಾರಕ್ಕೆ ಮತ್ತೊಂದು ಪ್ರಯೋಜನವಿದೆ. ಇಲ್ಲಿ ಕನ್ನಡ ಮಾಧ್ಯಮಕ್ಕೆ ಬರುವ ಮಗುವಿನ ಮನೆಮಾತು ತುಳುವಾಗಿರಬಹುದು, ಕೊಂಕಣಿ, ಮರಾಠಿ, ಬ್ಯಾರಿ ಅಥವಾ ಮಲಯಾಳವಾಗಿರಬಹುದು. ಕನ್ನಡದಲ್ಲಿ ಕೇಳಿದ ಪ್ರಶ್ನೆಗೆ ಮಗು ಸುಮ್ಮನಾದರೆ ಅದಕ್ಕೆ ಎಣಿಕೆ ಬಾರದೇ, ಕನ್ನಡದ ಪದ ಬಾರದೇ ಎಂಬುದು ಮೇಲುನೋಟಕ್ಕೆ ತಿಳಿಯದು. ಈ ಎರಡನ್ನು ಒಂದೆಂದು ಬಗೆದರೆ ತೀರ್ಮಾನ ತಪ್ಪುತ್ತದೆ. ಕೆಲವೊಮ್ಮೆ ಅದೇ ತಪ್ಪು ತೀರ್ಮಾನದಿಂದ ಮಗುವಿನ ಮಾಧ್ಯಮವೇ ಬದಲಾಗುತ್ತದೆ. ಸಂವಿಧಾನದ 350ಎ ವಿಧಿಯು ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಮಾತೃಭಾಷಾ ಶಿಕ್ಷಣದ ಸೌಲಭ್ಯವನ್ನು ಹೇಳುವುದು ಪ್ರಾಥಮಿಕ ಹಂತದ ಕುರಿತು. ಅದಕ್ಕೂ ಮುನ್ನಿನ ವರ್ಷಗಳಲ್ಲಿ ಈ ವ್ಯತ್ಯಾಸವನ್ನು ಗುರುತಿಸುವ ಹೊಣೆ ಬಹುಮಟ್ಟಿಗೆ ಮನೆಯ ಮತ್ತು ಅಂಗನವಾಡಿಯ ಮೇಲೆಯೇ ಬೀಳುತ್ತದೆ.

ಸಾಮಗ್ರಿ

ಐದು ತೆಂಗಿನ ಗೆರಟೆ, ಮಗುವೊಂದಕ್ಕೆ ಹದಿನೈದು ಹುಣಸೆ ಬೀಜ, ಒಂದು ತಟ್ಟೆ ಮರಳು ಇದ್ದರಾಯಿತು. ಚೆನ್ನೆಮಣೆ ಇದ್ದರೆ ಅದರ ಐದು ಗುಳಿಗಳನ್ನಷ್ಟೇ ಬಳಸಬೇಕು. ಕಾಯಿಗಾಗಿ ವಾಡಿಕೆಯಲ್ಲಿರುವ ಮಂಜೊಟ್ಟಿಯ ಕೆಂಪು ಬೀಜವನ್ನು ಇಷ್ಟು ಚಿಕ್ಕ ಮಕ್ಕಳಿಗೆ ಕೊಡದಿರುವುದು ಒಳ್ಳೆಯದು. ಕೆಂಪಿನ ಮೇಲೆ ಕಪ್ಪು ಚುಕ್ಕೆಯಿರುವ ಗುಲಗಂಜಿಯಂತೂ ವಿಷ. ಅದು ಮಂಜೊಟ್ಟಿಯೊಡನೆ ಬೆರೆತು ಬರುವುದುಂಟು. ಹಸಿ ಗೇರುಬೀಜದ ಸಿಪ್ಪೆಯಲ್ಲಿರುವ ಎಣ್ಣೆ ಚರ್ಮವನ್ನು ಸುಡುತ್ತದೆ. ಹುಣಸೆ ಬೀಜವೂ ಬಾಯಿಗೆ, ಮೂಗಿಗೆ, ಕಿವಿಗೆ ಹೋಗಬಲ್ಲುದು. ಆದ್ದರಿಂದ ಮೂರು ವರ್ಷ ತುಂಬದ ತಮ್ಮ ತಂಗಿಯರು ಹತ್ತಿರವಿರುವಾಗ ಈ ಆಟ ಬೇಡ. ಹದಿನೈದು ಎಣಿಸಿ ಕೊಟ್ಟು, ಹದಿನೈದು ಎಣಿಸಿ ಮರಳಿ ಪಡೆಯಬೇಕು.

ಸೋಮವಾರ: ಗುಳಿಗೊಂದು ಬೀಜ

ಮೊದಲ ದಿನ ಸಂಖ್ಯೆಯ ಮಾತೇ ಇಲ್ಲ. ಐದು ಗೆರಟೆಗಳನ್ನು ಸಾಲಾಗಿಟ್ಟು, ಪ್ರತಿಯೊಂದಕ್ಕೂ ಒಂದೊಂದು ಬೀಜ ಹಾಕಲು ಹೇಳಬೇಕು. ಒಂದು ಗೆರಟೆ ಬರಿದಾಯಿತೇ, ಇನ್ನೊಂದಕ್ಕೆ ಎರಡು ಬಿದ್ದವೇ ಎಂಬುದನ್ನು ಮಗುವೇ ಕಂಡುಕೊಳ್ಳಲಿ. ಎಣಿಕೆಯ ತಳಹದಿಯೇ ಈ ಒಂದಕ್ಕೊಂದರ ಹೊಂದಾಣಿಕೆ.

ಕೈಯ ಕೆಲಸವನ್ನೂ ಆಗಲೇ ನೋಡಬೇಕು. ಹೆಬ್ಬೆರಳು, ತೋರುಬೆರಳು ಮತ್ತು ನಡುಬೆರಳಿನ ತುದಿಯಿಂದ ಬೀಜ ಎತ್ತುವ ಮಗುವಿಗೆ ಮುಂದೆ ಪೆನ್ಸಿಲ್ ಹಿಡಿಯುವ ದಾರಿ ತೆರೆದಿದೆ. ಐದೂ ಬೆರಳು ಸೇರಿಸಿ ಬಾಚುವ ಮಗುವಿನ ಉಂಗುರ ಬೆರಳು ಮತ್ತು ಕಿರುಬೆರಳಿನ ಅಡಿಯಲ್ಲಿ ಒಂದು ಸಣ್ಣ ಬಟ್ಟೆಯ ತುಂಡನ್ನಿಟ್ಟು ‘ಇದನ್ನು ಬೀಳಿಸದೆ ಬೀಜ ಹೆಕ್ಕು’ ಎಂದರೆ ಉಳಿದ ಮೂರು ಬೆರಳುಗಳು ತಾವಾಗಿ ಕೆಲಸಕ್ಕಿಳಿಯುತ್ತವೆ. ಬೀಜಕ್ಕೆ, ಗೆರಟೆಗೆ ಮನೆಯಲ್ಲಿ ಏನೆನ್ನುತ್ತಾರೆಂದು ಕೇಳಿ, ಆ ಹೆಸರಿನ ಜೊತೆಗೆ ಕನ್ನಡದ ಹೆಸರನ್ನು ಹೇಳಿದರೆ ಅಂದಿನ ಭಾಷಾಪಾಠ ಮುಗಿಯಿತು.

ಮಂಗಳವಾರ: ಬೆರಳಿಗೊಂದು ಪದ

ಎರಡನೆಯ ದಿನ ಮಗು ಬೀಜವನ್ನು ಮುಟ್ಟಿ ಪಕ್ಕಕ್ಕೆ ಸರಿಸುತ್ತ ಎಣಿಸಬೇಕು. ಮೊದಲು ಮನೆಮಾತಿನಲ್ಲಿ, ಬಳಿಕ ಕನ್ನಡದಲ್ಲಿ. ತುಳುವಿನ ಒಂಜಿ, ರಡ್ಡ್, ಮೂಜಿ, ನಾಲ್, ಐನ್. ಮಲಯಾಳದ ಒನ್ನ್, ರಂಡ್, ಮೂನ್ನ್, ನಾಲ್, ಅಞ್ಚ್. ಕನ್ನಡದ ಒಂದು, ಎರಡು, ಮೂರು, ನಾಲ್ಕು, ಐದು. ಇವು ಒಂದೇ ಕುಟುಂಬದ ಪದಗಳಾದ್ದರಿಂದ ಮಗುವಿಗೆ ದೂರವೆನಿಸುವುದಿಲ್ಲ. ಆದರೆ ಒಂದು ಸುತ್ತಿನಲ್ಲಿ ಒಂದೇ ಭಾಷೆ ಇರಬೇಕು. ಹತ್ತಿರದ ಪದಗಳಾದ್ದರಿಂದಲೇ ‘ಒಂದು, ರಡ್ಡ್, ಮೂರು’ ಎಂದು ಬೆರೆಯುವುದು ಸುಲಭ, ಬೆರೆತಾಗ ಸಾಲಿನ ಕ್ರಮ ಗಟ್ಟಿಯಾಗದು.

ಇಲ್ಲಿ ಕಾಣುವ ತಪ್ಪು ಬಾಯಿ ಮತ್ತು ಬೆರಳಿನ ವೇಗದ್ದು. ಬೆರಳು ಮೂರನೆಯ ಬೀಜದಲ್ಲಿರುವಾಗ ಬಾಯಿ ‘ಐದು’ ತಲುಪಿರುತ್ತದೆ. ಆಗ ಗದರಿಸದೆ, ಬೀಜವನ್ನು ಗೆರಟೆಗೆ ಹಾಕಿ ‘ಟಕ್’ ಎಂಬ ಸದ್ದು ಕೇಳಿದ ಮೇಲೆಯೇ ಮುಂದಿನ ಪದ ಎಂದು ನಿಯಮವಿಟ್ಟರೆ ಬಾಯಿ ನಿಧಾನವಾಗುತ್ತದೆ.

ಬುಧವಾರ: ‘ಮೂರು ಕೊಡು’

ವಾರದ ಮುಖ್ಯ ದಿನವಿದು. ಹದಿನೈದು ಬೀಜಗಳ ರಾಶಿಯಿಂದ ‘ಎರಡು ಕೊಡು’, ‘ಮೂರು ಕೊಡು’ ಎಂದು ಕೇಳಬೇಕು. ಎಣಿಸುವ ಸಾಲು ಬಾಯಿಪಾಠವಾದ ಮಗುವೂ ಇಲ್ಲಿ ಒಂದು ಹಿಡಿ ಬಾಚಿ ಕೊಡಬಹುದು. ಎಣಿಕೆಯ ಕೊನೆಯ ಪದವೇ ಒಟ್ಟು ಎಷ್ಟೆಂದು ಹೇಳುತ್ತದೆ ಎಂಬ ತತ್ತ್ವವನ್ನು 1978ರಲ್ಲಿ ಅಮೆರಿಕದ ಮನೋವಿಜ್ಞಾನಿಗಳಾದ ಗೆಲ್ಮನ್ ಮತ್ತು ಗ್ಯಾಲಿಸ್ಟೆಲ್ ಎಣಿಕೆಯ ಐದು ತತ್ತ್ವಗಳಲ್ಲಿ ಒಂದೆಂದು ನಿರೂಪಿಸಿದರು. ‘ಇಷ್ಟು ಕೊಡು’ ಎಂಬ ಈ ಪರೀಕ್ಷೆಯನ್ನು 1990ರಲ್ಲಿ ಕರೆನ್ ವಿನ್ ಬಳಸಿ, ಮಕ್ಕಳು ಮೊದಲು ಒಂದನ್ನು, ಬಳಿಕ ಎರಡನ್ನು, ಆಮೇಲೆ ಮೂರನ್ನು ಹಂತಹಂತವಾಗಿ ಅರಿಯುತ್ತಾರೆಂದು ತೋರಿಸಿದರು. ಹಂತಗಳ ನಡುವೆ ತಿಂಗಳುಗಳೇ ಹಿಡಿಯುತ್ತವೆ. ಎಂದರೆ ಬುಧವಾರ ಎರಡನ್ನಷ್ಟೇ ಸರಿಯಾಗಿ ಕೊಟ್ಟ ಮಗು ಶನಿವಾರಕ್ಕೆ ಐದನ್ನು ಕೊಡಬೇಕೆಂದು ಬಯಸುವಂತಿಲ್ಲ. ಅದಕ್ಕೆ ಮುಂದಿನ ಮೆಟ್ಟಿಲು ಮೂರು.

ಗುರುವಾರ: ಎರಡು ಬಾಳೆಹಣ್ಣು, ಇಬ್ಬರು ಮಕ್ಕಳು

ಕನ್ನಡದಲ್ಲಿ ವಸ್ತುಗಳಿಗೆ ಒಂದು ಎಣಿಕೆ, ಮನುಷ್ಯರಿಗೆ ಇನ್ನೊಂದು. ಎರಡು ಬೀಜ, ಆದರೆ ಇಬ್ಬರು ಮಕ್ಕಳು. ತುಳುವಿನಲ್ಲಿಯೂ ಇರ್ವೆರ್, ಮೂವೆರ್ ಎಂಬ ರೂಪಗಳಿರುವುದರಿಂದ ತುಳು ಮನೆಯ ಮಗುವಿಗೆ ಇದು ಬೇಗ ಒಗ್ಗೀತು. ಮಲಯಾಳ ಮಾತಿನ ಮನೆಗಳಲ್ಲಿ ‘ರಂಡಾಳ್’ ಎಂಬ ಬಳಕೆಯಿರುವುದರಿಂದ ಮಗು ‘ಎರಡು ಜನ’ ಎನ್ನಬಹುದು. ಅದು ಎಣಿಕೆಯ ತಪ್ಪಲ್ಲ, ಭಾಷೆಯ ರೂಪ ಇನ್ನೂ ಕಲಿಯದಿರುವುದಷ್ಟೇ.

ಬಾಳೆಹಣ್ಣು ಹಂಚುವುದೇ ಅಂದಿನ ಆಟ. ಮೊದಲು ಇಬ್ಬರನ್ನು ಕೂರಿಸಿ ‘ಇಬ್ಬರಿಗೆ ಎರಡು ಹಣ್ಣು’, ಇನ್ನೊಬ್ಬರು ಬಂದಾಗ ‘ಮೂವರಿಗೆ ಮೂರು’. ನಾಲ್ವರು, ಐವರು ಎಂಬ ರೂಪಗಳನ್ನು ಕಿವಿಗೆ ಹಾಕಿದರೆ ಸಾಕು. ಮಗು ‘ಐದು ಮಂದಿ’ ಎಂದರೂ ಸರಿಯೇ. ಹಣ್ಣಿನ ಸಿಪ್ಪೆಯನ್ನು ಮಗುವೇ ಸುಲಿಯಲಿ. ಒಂದು ಕೈ ಹಿಡಿದುಕೊಂಡು ಮತ್ತೊಂದು ಕೈ ಎಳೆಯುವ ಈ ಕೆಲಸದಲ್ಲಿ ಎರಡೂ ಕೈಗಳು ಬೇರೆ ಬೇರೆ ಪಾತ್ರ ವಹಿಸುತ್ತವೆ. ಮುಂದೆ ಪುಸ್ತಕ ಹಿಡಿದು ಬರೆಯುವಾಗಲೂ ಬೇಕಾದುದು ಇದೇ.

ಶುಕ್ರವಾರ: ಕೇಪಳದ ಸರ, ಮರಳಿನ ವೃತ್ತ

ಬೇಲಿಯ ಕೇಪಳ ಹೂವಿನ ಕೊಳವೆಯಂತಹ ತೊಟ್ಟನ್ನು ಮತ್ತೊಂದು ಹೂವಿನ ಕೊರಳಿಗೆ ತೂರಿಸಿ ಐದು ಹೂಗಳ ಸರ ಮಾಡುವುದು ಬೆರಳಿಗೆ ಕಠಿಣವೇ ಆದ ಕೆಲಸ. ಹೂವು ಮುರಿದರೆ ಹಿಡಿತ ಬಿಗಿಯಾಯಿತು, ಜಾರಿದರೆ ಸಡಿಲವಾಯಿತು ಎಂದು ಮಗುವಿಗೆ ಹೂವೇ ಹೇಳುತ್ತದೆ.

ಬಳಿಕ ಮರಳಿನ ತಟ್ಟೆಯಲ್ಲಿ ಬೆರಳಿನಿಂದ ವೃತ್ತ. ನೋಡಿ ಬಿಡಿಸುವಾಗ ಮಕ್ಕಳಿಗೆ ವೃತ್ತ ಸುಮಾರು ಮೂರು ವರ್ಷಕ್ಕೆ, ಕೂಡಿಸುವ ಗುರುತಿನಂತಹ ಅಡ್ಡ-ನೇರ ಗೆರೆ ನಾಲ್ಕರ ಹೊತ್ತಿಗೆ, ಚೌಕ ಐದರ ಸುಮಾರಿಗೆ ಒಲಿಯುತ್ತದೆ. ಕನ್ನಡದ ಅಕ್ಷರಗಳು ಬಾಗುಗೆರೆಗಳವು. ಆದ್ದರಿಂದ ಮರಳಿನ ವೃತ್ತವೇ ಅವುಗಳಿಗೆ ಸಿದ್ಧತೆ. ಈ ವಾರ ಪೆನ್ಸಿಲ್ ಬೇಡ, ಅಂಕಿ ಬರೆಸುವುದೂ ಬೇಡ. ಹಿಡಿತ ಕೂಡುವ ಮೊದಲೇ ಬರೆಸಿದರೆ ಮಗು ಮುಷ್ಟಿಯಲ್ಲಿ ಹಿಡಿದು, ಭುಜದಿಂದ ಎಳೆದು ಬರೆಯುತ್ತದೆ. ಆ ರೂಢಿ ಬಿಡಿಸುವುದು ಆಮೇಲೆ ಕಷ್ಟ.

ಶನಿವಾರ: ಆಟ ಮತ್ತು ಅವಲೋಕನ

ಕೊನೆಯ ದಿನ ಹೊಸತೇನೂ ಇಲ್ಲ. ಐದು ಗೆರಟೆಗಳನ್ನು ಸಾಲಾಗಿಟ್ಟು, ಮೊದಲನೆಯದರಲ್ಲಿ ಒಂದು, ಎರಡನೆಯದರಲ್ಲಿ ಎರಡು, ಹೀಗೆ ಐದರವರೆಗೆ ಹಾಕಿದರೆ ಹದಿನೈದು ಬೀಜಗಳೂ ಮುಗಿಯುತ್ತವೆ. ಕೊನೆಯಲ್ಲಿ ಬೀಜ ಉಳಿದರೆ ಅಥವಾ ಸಾಲದಾದರೆ ಎಲ್ಲೋ ತಪ್ಪಿದೆ ಎಂದು ಮಗುವಿಗೇ ತಿಳಿಯುತ್ತದೆ. ಹಿರಿಯರು ಈ ಹೊತ್ತಿಗೆ ಬುಧವಾರದ ಪ್ರಶ್ನೆಯನ್ನು ಎರಡು ಭಾಷೆಗಳಲ್ಲಿ ಮತ್ತೆ ಕೇಳಬೇಕು.

ನಾಲ್ಕೂವರೆ ವರ್ಷದ ಇಬ್ಬರು ಮಕ್ಕಳನ್ನು ಊಹಿಸಿಕೊಳ್ಳಬಹುದು. ಇಬ್ಬರ ಮನೆಮಾತೂ ತುಳು. ಮೊದಲನೆಯ ಮಗು ಕನ್ನಡದಲ್ಲಿ ‘ಒಂದು, ಎರಡು, ನಾಲ್ಕು’ ಎಂದು ಮೂರನ್ನು ಹಾರಿಸುತ್ತದೆ. ‘ಮೂರು ಬೀಜ ಕೊಡು’ ಎಂದರೆ ಒಂದು ಹಿಡಿ ಕೊಡುತ್ತದೆ. ‘ಮೂಜಿ ಬಿತ್ತ್ ಕೊರ್ಲ’ ಎಂದಾಗ ಮಾತ್ರ ಒಂದೊಂದಾಗಿ ಹೆಕ್ಕಿ ಮೂರನ್ನೇ ಅಂಗೈಗಿಡುತ್ತದೆ. ಎರಡನೆಯ ಮಗು ಕನ್ನಡದಲ್ಲಿ ಇಪ್ಪತ್ತರವರೆಗೆ ತಡವರಿಸದೆ ಹೇಳುತ್ತದೆ, ಆದರೆ ಯಾವ ಭಾಷೆಯಲ್ಲಿ ಮೂರು ಕೇಳಿದರೂ ಒಂದು ಹಿಡಿಯನ್ನೇ ಕೊಡುತ್ತದೆ.

ಬಾಯಿಪಾಠವನ್ನಷ್ಟೇ ಕೇಳುವವರಿಗೆ ಎರಡನೆಯದು ಜಾಣ ಮಗು, ಮೊದಲನೆಯದು ಹಿಂದುಳಿದದ್ದು. ಬೀಜಗಳು ಹೇಳುವುದು ಬೇರೆ. ಮೊದಲನೆಯ ಮಗುವಿಗೆ ಮೂರು ಎಂದರೆ ಎಷ್ಟೆಂದು ಗೊತ್ತು, ‘ಮೂರು’ ಎಂಬ ಪದವಷ್ಟೇ ಬೇಕು. ಅದಕ್ಕೆ ‘ಮೂಜಿ’ಯ ಪಕ್ಕದಲ್ಲಿಯೇ ಆ ಪದವನ್ನು ದಿನವೂ ಇಡಬೇಕು. ಎರಡನೆಯ ಮಗುವಿಗೆ ಪದಗಳು ಸಾಕಷ್ಟಿವೆ, ಬೇಕಾದುದು ಬೀಜಗಳು. ಅದಕ್ಕೆ ಇಪ್ಪತ್ತರಿಂದ ಐವತ್ತಕ್ಕೆ ಸಾಗುವ ಅವಸರ ಬಿಟ್ಟು, ಎರಡು ತಟ್ಟೆ ತರುವುದು, ಮೂರು ಲೋಟ ಇಡುವುದು ಮುಂತಾದ ಮನೆಗೆಲಸವನ್ನೇ ಪಾಠವಾಗಿ ಕೊಡಬೇಕು.

ಐದು ವರ್ಷ ಸಮೀಪಿಸಿದ ಮಗುವಿಗೆ ಬೆರಳ ತುದಿಯಿಂದ ಬೀಜ ಎತ್ತಲಾಗದಿದ್ದರೆ, ಅಥವಾ ಮನೆಮಾತಿನಲ್ಲಿ ಹೇಳಿದ ಸರಳ ಸೂಚನೆಯೂ ತಿಳಿಯದಿದ್ದರೆ, ಅದನ್ನು ಭಾಷೆಯ ಮೇಲೆ ಹಾಕಿ ಕಾಯದೆ ವೈದ್ಯರಿಗೆ ತೋರಿಸಬೇಕು. ಉಳಿದ ಮಕ್ಕಳ ವಿಷಯದಲ್ಲಿ ಶನಿವಾರ ಸಂಜೆ ಒಂದು ಚೀಟಿಯಲ್ಲಿ ಎರಡೇ ಸಾಲು ಬರೆದಿಡಬಹುದು: ಮನೆಮಾತಿನಲ್ಲಿ ಎಷ್ಟರವರೆಗೆ ಕೊಟ್ಟಿತು, ಕನ್ನಡದಲ್ಲಿ ಎಷ್ಟರವರೆಗೆ ಕೊಟ್ಟಿತು. ಶಾಲೆಗೆ ಸೇರಿಸುವ ದಿನ ಆ ಚೀಟಿಯನ್ನು ಅಧ್ಯಾಪಕರ ಕೈಗಿತ್ತರೆ, ಮಗು ಸುಮ್ಮನಾದಾಗ ಅದರ ಮೌನವನ್ನು ಓದಲು ಅವರಿಗೆ ಅನುಕೂಲವಾಗುತ್ತದೆ.