ಹಿಂಗಾರಿ ಜೋಳದ ಸೊರಗು: ಉಪಗ್ರಹ ಚಿತ್ರಗಳ ಕಾಲಶ್ರೇಣಿಯ ಓದು

ಸೊಲ್ಲಾಪುರ, ಅಕ್ಕಲಕೋಟೆ, ವಿಜಯಪುರಗಳ ಸೀಮೆಯಲ್ಲಿ ಹಿಂಗಾರಿ ಜೋಳವು ಬಹುಮಟ್ಟಿಗೆ ಎರೆಮಣ್ಣು ಹಿಡಿದಿಟ್ಟ ತೇವವನ್ನೇ ನಂಬಿ ಬೆಳೆಯುತ್ತದೆ. ಒಂದೇ ಹೊಲದಲ್ಲಿ ಒಂದು ಮಗ್ಗುಲು ಆಳವಾದ ಎರೆ, ಇನ್ನೊಂದು ಮಗ್ಗುಲು ತೆಳುವಾದ ಮಡ್ಡಿ ಇರುವುದುಂಟು. ಆದುದರಿಂದ ಬೆಳೆ ಸೊರಗುವುದು ಹೊಲದ ತುಂಬ ಏಕರೀತಿಯಾಗಿ ಅಲ್ಲ, ತೇಪೆ ತೇಪೆಯಾಗಿ. ಇಂಥ ತೇಪೆಯನ್ನು ಉಪಗ್ರಹ ಚಿತ್ರಗಳಿಂದ ಗುರುತಿಸಲು ಒಂದು ಚಿತ್ರ ಸಾಲದು. ಹಂಗಾಮಿನುದ್ದಕ್ಕೂ ದೊರೆಯುವ ಚಿತ್ರಗಳನ್ನು ಸಾಲಾಗಿ ಜೋಡಿಸಿ ಓದಬೇಕಾಗುತ್ತದೆ.

ಯುರೋಪಿನ ಸೆಂಟಿನೆಲ್-2 ಉಪಗ್ರಹಗಳ ಜೋಡಿಯು ಐದು ದಿನಗಳಿಗೊಮ್ಮೆ ಒಂದೇ ನೆಲವನ್ನು ಚಿತ್ರಿಸುತ್ತದೆ. ಹಸಿರೆಲೆ ಕೆಂಪು ಬೆಳಕನ್ನು ಹೀರಿಕೊಂಡು, ಕಣ್ಣಿಗೆ ಕಾಣದ ಸಮೀಪ ಅವಕೆಂಪು ಕಿರಣವನ್ನು ಹೆಚ್ಚಾಗಿ ಹಿಂದಿರುಗಿಸುತ್ತದೆ. ಎಲೆ ಒಣಗಿದಂತೆ ಈ ಎರಡರ ಅಂತರ ಕುಗ್ಗುತ್ತದೆ. ಸಸ್ಯ ಸೂಚ್ಯಂಕವು ಈ ಅಂತರದ ಅಳತೆ:

```
NDVI = (B8 - B4) / (B8 + B4)
```

ಇಲ್ಲಿ B4 ಕೆಂಪು, B8 ಸಮೀಪ ಅವಕೆಂಪು. ಇವೆರಡರಲ್ಲಿಯೂ ಒಂದು ಚಿತ್ರಕಣವೆಂದರೆ ನೆಲದ ಮೇಲಿನ 10 ಮೀಟರ್ ಚೌಕ.

ಕಾಲಶ್ರೇಣಿಯನ್ನು ಕಟ್ಟುವಾಗ ಮೊದಲು ಮೋಡವನ್ನೂ ಅದರ ನೆರಳನ್ನೂ ತೆಗೆಯಬೇಕು. ಚಿತ್ರದೊಂದಿಗೆ ಬರುವ SCL ಪದರದಲ್ಲಿ 3, 8, 9, 10 ಎಂಬ ಅಂಕೆಗಳಿರುವ ಕಣಗಳನ್ನು ಬಿಡಬೇಕು. ಆದರೂ ತೆಳುಮೋಡ ಕೆಲವೊಮ್ಮೆ ಈ ಜರಡಿಯಿಂದ ನುಸುಳುತ್ತದೆ. ಮೋಡದಿಂದಾದ ಇಳಿತ ಮುಂದಿನ ಚಿತ್ರದಲ್ಲಿ ಮರೆಯಾಗುತ್ತದೆ; ಬೆಳೆಯ ಸೊರಗಿನಿಂದಾದ ಇಳಿತ ಸಾಮಾನ್ಯವಾಗಿ ಉಳಿಯುತ್ತದೆ, ಇಲ್ಲವೆ ಹೆಚ್ಚುತ್ತದೆ.

ಎರಡನೆಯ ತೊಡಕು ಇನ್ನೂ ಸೂಕ್ಷ್ಮವಾದುದು. 2022ರ ಜನವರಿ 25ರಿಂದ, ಅಂದರೆ 04.00ನೆಯ ಸಂಸ್ಕರಣಾ ಆವೃತ್ತಿಯಿಂದ, ಚಿತ್ರದ ಅಂಕೆಗಳಿಗೆ 1000 ಸೇರಿರುತ್ತದೆ. B8ರ ನಿಜವಾದ ಅಂಕೆ 3500, B4ರದು 800 ಆಗಿದ್ದರೆ ಸೂಚ್ಯಂಕ 0.63. ಸೇರಿದ 1000ವನ್ನು ಕಳೆಯದೆ 4500 ಮತ್ತು 1800 ಎಂದೇ ಲೆಕ್ಕ ಹಾಕಿದರೆ ಅದು 0.43ಕ್ಕೆ ಇಳಿಯುತ್ತದೆ. ಹಸಿರಾದ ಬೆಳೆಯೇ ಸೊರಗಿದಂತೆ ತೋರುತ್ತದೆ. ಇಡೀ ಹೊಲವೂ ನೆರೆಹೊರೆಯ ಹೊಲಗಳೂ ಒಂದೇ ದಿನಾಂಕದಲ್ಲಿ ಒಟ್ಟಿಗೆ ಇಳಿದಿದ್ದರೆ ಮೊದಲು ಈ ತಪ್ಪನ್ನೇ ಶಂಕಿಸಬೇಕು. ಕೆಲವು ಸಂಗ್ರಹಗಳಲ್ಲಿ ಈ ತಿದ್ದುಪಡಿ ಮೊದಲೇ ಆಗಿರುವುದರಿಂದ ಎರಡು ಸಲ ಕಳೆಯದಂತೆಯೂ ಎಚ್ಚರ ವಹಿಸಬೇಕು.

ಇನ್ನು ತೇಪೆಯನ್ನು ಹುಡುಕುವ ಬಗೆ. ಉದಾಹರಣೆಗೆ, 200 ಮೀಟರ್ ಉದ್ದಗಲದ ಹೊಲವೊಂದನ್ನು ಕಲ್ಪಿಸಿಕೊಳ್ಳಬಹುದು. ಅದರಲ್ಲಿ 400 ಚಿತ್ರಕಣಗಳಿರುತ್ತವೆ. ಬದುವಿನ ಗಿಡ, ದಾರಿಗಳು ಬೆರೆಯದಂತೆ ಅಂಚಿನ ಒಂದು ಸಾಲನ್ನು ಬಿಟ್ಟರೆ 324 ಉಳಿಯುತ್ತವೆ. ಪ್ರತಿ ದಿನಾಂಕಕ್ಕೂ ಇವುಗಳ ಮಧ್ಯಾಂಕವನ್ನು ಕಂಡುಹಿಡಿದು, ಪ್ರತಿಯೊಂದು ಕಣವನ್ನೂ ಅದರೊಡನೆ ಹೋಲಿಸಬೇಕು. ಸರಾಸರಿಗಿಂತ ಮಧ್ಯಾಂಕ ಮೇಲು. ಸೊರಗಿದ ಮೂವತ್ತು ಕಣಗಳು ಅದನ್ನು ಅಷ್ಟಾಗಿ ಅಲುಗಿಸಲಾರವು.

ನವೆಂಬರ್ 10ರಂದು ಮಧ್ಯಾಂಕ 0.42, ಒಂದು ಮೂಲೆಯ ಮೂವತ್ತು ಕಣಗಳಲ್ಲಿ 0.40 ಎಂದಿರಲಿ. ಡಿಸೆಂಬರ್ 5ರಂದು 0.68 ಮತ್ತು 0.61, ಡಿಸೆಂಬರ್ 25ರಂದು 0.70 ಮತ್ತು 0.52, ಜನವರಿ 9ರಂದು 0.60 ಮತ್ತು 0.36. ಕೊನೆಯ ಚಿತ್ರವೊಂದನ್ನೇ ನೋಡಿದವರು ಆ ಮೂಲೆಯ ಜೋಳ ಬೇಗ ಮಾಗಿತೆಂದು ತಿಳಿಯಬಹುದು. ಆದರೆ ಅಂತರವು 0.02, 0.07, 0.18, 0.24 ಎಂದು ಬೆಳೆದ ಕ್ರಮವನ್ನು ಗಮನಿಸಿದರೆ, ಉಳಿದ ಹೊಲ ಇನ್ನೂ ಹಸಿರೇರುತ್ತಿದ್ದಾಗಲೇ ಆ ಮೂಲೆ ಹಿಂದೆ ಬಿದ್ದುದು ಸ್ಪಷ್ಟವಾಗುತ್ತದೆ.

ಕಾರಣವನ್ನು ಮಾತ್ರ ಸೂಚ್ಯಂಕ ಹೇಳಲಾರದು. ಅದಕ್ಕೆ ಹಿಂದಿನ ವರ್ಷಗಳ ಶ್ರೇಣಿಯನ್ನು ತೆರೆಯಬೇಕು. ಅದೇ ಮೂಲೆ ಜೋಳ ಬಿತ್ತಿದ ಪ್ರತಿ ವರ್ಷವೂ ಸೊರಗಿದ್ದರೆ, ಅಲ್ಲಿ ಮಣ್ಣು ತೆಳುವೆಂಬ ಊಹೆಗೆ ಬಲ ಬರುತ್ತದೆ. ಔಷಧ ಸಿಂಪಡಿಸಿದರೆ ಹಣ ವ್ಯರ್ಥ. ತೇಪೆ ಈ ವರ್ಷವೇ ಹೊಸದಾಗಿ ಕಾಣಿಸಿಕೊಂಡು ಅಕ್ಕಪಕ್ಕಕ್ಕೆ ಹರಡುತ್ತಿದ್ದರೆ ರೋಗವನ್ನೋ ಕೀಟವನ್ನೋ ಶಂಕಿಸಬೇಕು. ಕಾಳು ಕಟ್ಟುವ ಹೊತ್ತಿಗೆ ತೇವ ಕಡಿಮೆಯಾದಾಗ ಜೋಳಕ್ಕೆ ಬರುವ ಕಾಂಡಕೊಳೆ ರೋಗವು ಮಡ್ಡಿಯ ಭಾಗವನ್ನೇ ಮೊದಲು ಹಿಡಿಯಬಹುದಾದ್ದರಿಂದ ಎರಡು ಕಾರಣಗಳೂ ಕೂಡಿರುವುದುಂಟು. ಆಗ ಹೊಲಕ್ಕೆ ಹೋಗಿ ದಂಟಿನ ಬುಡವನ್ನು ಸೀಳಿ ನೋಡುವುದೇ ದಾರಿ. ಒಳಗಿನ ನಾರುಗಳ ಮೇಲೆ ಕರಿಯ ಸಣ್ಣ ಚುಕ್ಕೆಗಳಿದ್ದರೆ ಅದು ಕಾಂಡಕೊಳೆಯ ಗುರುತು.

ಈ ವಿಧಾನಕ್ಕೆ ಮಿತಿಗಳೂ ಇವೆ. ಇಪ್ಪತ್ತು ಮೀಟರಿಗಿಂತ ಕಿರಿದಾದ ತೇಪೆ ಸುತ್ತಲಿನ ಹಸಿರಿನಲ್ಲಿ ಬೆರೆತುಹೋಗುವ ಸಂಭವ ಹೆಚ್ಚು. ಸಸಿ ಚಿಕ್ಕದಿರುವಾಗ ಸೂಚ್ಯಂಕದಲ್ಲಿ ಬೆಳೆಗಿಂತ ಬರಿಯ ಮಣ್ಣಿನ ಪಾಲೇ ದೊಡ್ಡದು. ಅಲ್ಲದೆ ಎಲೆ ಬಾಡಲು ತೊಡಗಿದ ಕೆಲವು ದಿನಗಳ ಮೇಲಷ್ಟೇ ಅಂಕೆ ಇಳಿಯುತ್ತದೆ. ಆದುದರಿಂದ ಕಾಲಶ್ರೇಣಿಯು ಹೊಲದಲ್ಲಿ ಮೊದಲು ಎಲ್ಲಿ ಕಾಲಿಡಬೇಕೆಂಬುದನ್ನು ತೋರಿಸುತ್ತದೆ. ಅಲ್ಲಿ ಏನಾಗಿದೆ ಎಂಬುದನ್ನು ದಂಟೂ ಮಣ್ಣೂ ಹೇಳಬೇಕು.