ಹೊರಡದೇ ಇರುವ ದುಡ್ಡು

ಆನ್‌ಲೈನ್ ಜೂಜಿನಲ್ಲಿ ಗೆದ್ದ ಹಣವನ್ನು ಬ್ಯಾಂಕ್ ಖಾತೆಗೆ ಹಾಕಿ ಎಂದು ಕೇಳುವುದು ವಿತ್‌ಡ್ರಾವಲ್. ಕೇಳಿದ ಗಳಿಗೆಯಿಂದ ಕಂಪನಿ ಅದನ್ನು ಕಳಿಸುವ ತನಕದ ಹೊತ್ತು ಪೆಂಡಿಂಗ್ ಅವಧಿ. ಆ ನಡುವೆ ಕೋರಿಕೆಯನ್ನು ರದ್ದು ಮಾಡಿ ಹಣವನ್ನು ಮತ್ತೆ ಆಟದ ಬ್ಯಾಲೆನ್ಸಿಗೆ ತಂದುಕೊಳ್ಳುವುದು ರಿವರ್ಸ್ ವಿತ್‌ಡ್ರಾವಲ್. ಇಷ್ಟನ್ನು ಎಲ್ಲರೂ ಬೇಗ ಹಿಡಿದುಕೊಳ್ಳುತ್ತಾರೆ. ಎಡವುವುದು ಮುಂದಿನ ಪ್ರಶ್ನೆಯಲ್ಲಿ: ಪರದೆಯ ಮೇಲೆ ‘ಪೆಂಡಿಂಗ್’ ಎಂದು ಇರುವಾಗ ಆ ದುಡ್ಡು ಎಲ್ಲಿರುತ್ತದೆ?

ಬೆಂಗಳೂರಿನ ಸಂಜಯನಗರದ ಒಂದು ಪೀಜಿಯಲ್ಲಿರುವ ಹುಡುಗನನ್ನು ಕಲ್ಪಿಸಿಕೊಳ್ಳಿ. ಶುಕ್ರವಾರ ರಾತ್ರಿ ಯುಪಿಐ ಮೂಲಕ 2,000 ರೂಪಾಯಿ ಕಟ್ಟುತ್ತಾನೆ. ಕ್ಷಣದಲ್ಲಿ ಅದು ಆಟದ ಖಾತೆಗೆ ಜಮಾ ಆಗುತ್ತದೆ. ಗಂಟೆ ಕಳೆಯುವುದರೊಳಗೆ ಬ್ಯಾಲೆನ್ಸ್ 10,000 ಆಗಿದೆ. ಸಾಕು ಎಂದುಕೊಂಡು ವಿತ್‌ಡ್ರಾ ಒತ್ತುತ್ತಾನೆ. ‘ಪೆಂಡಿಂಗ್, 48 ಗಂಟೆ’ ಎಂಬ ಉತ್ತರ ಬರುತ್ತದೆ. ಶನಿವಾರ, ಭಾನುವಾರ ಬ್ಯಾಂಕ್ ನಿಧಾನ ಇರಬೇಕು ಎಂದು ಅವನೇ ಸಮಾಧಾನ ಹೇಳಿಕೊಳ್ಳುತ್ತಾನೆ.

ಈ ಸಮಾಧಾನವೇ ತಪ್ಪು ತಿಳಿವಳಿಕೆ. ನಮ್ಮಲ್ಲಿ ಐಎಂಪಿಎಸ್ 2010ರಿಂದ, ಯುಪಿಐ 2016ರಿಂದ ಇದೆ. ಎರಡೂ ರಾತ್ರಿ, ರಜೆ ಎನ್ನದೆ ನಡೆಯುತ್ತವೆ. ನೆಫ್ಟ್ ಕೂಡ 2019ರ ಡಿಸೆಂಬರ್ 16ರಿಂದ ದಿನದ 24 ಗಂಟೆಯೂ ಕೆಲಸ ಮಾಡುತ್ತಿದೆ. ಹಣ ಬಂದ ದಾರಿಗೆ ಕ್ಷಣ ಸಾಕಾಗಿದ್ದರೆ, ಅಂಥದೇ ದಾರಿಯಲ್ಲಿ ಅದು ಮರಳುವುದಕ್ಕೆ ಎರಡು ದಿನ ಬೇಕಿಲ್ಲ. ಬ್ಯಾಂಕ್ ತಡ ಮಾಡುತ್ತಿಲ್ಲ. ಬ್ಯಾಂಕಿಗೆ ಈ ವಿಷಯ ಇನ್ನೂ ಗೊತ್ತೇ ಇಲ್ಲ.

ಪೆಂಡಿಂಗ್ ಅವಧಿಯಲ್ಲಿ ದುಡ್ಡು ಒಂದು ಅಂಗುಲವೂ ಕದಲಿರುವುದಿಲ್ಲ. ಕಂಪನಿಯ ಲೆಕ್ಕದ ಪಟ್ಟಿಯಲ್ಲಿ ಆ 10,000 ರೂಪಾಯಿಯನ್ನು ‘ಆಡಬಹುದಾದ ಹಣ’ ಎಂಬ ಸಾಲಿನಿಂದ ‘ಕೇಳಿರುವ ಹಣ’ ಎಂಬ ಸಾಲಿಗೆ ಬರೆದಿರುತ್ತಾರೆ, ಅಷ್ಟೇ. ಇದನ್ನು ತಿಳಿಯಲು ಒಂದು ಸುಲಭದ ಪರೀಕ್ಷೆ ಇದೆ. ಐಎಂಪಿಎಸ್ ಅಥವಾ ಯುಪಿಐನಲ್ಲಿ ನಿಜವಾಗಿಯೂ ಹೊರಟ ಪ್ರತಿ ಪಾವತಿಗೂ 12 ಅಂಕಿಗಳ ಒಂದು ರೆಫರೆನ್ಸ್ ಸಂಖ್ಯೆ ಹುಟ್ಟುತ್ತದೆ. ಅದನ್ನು ಹಿಡಿದು ನಿಮ್ಮ ಬ್ಯಾಂಕಿನಲ್ಲಿ ವಿಚಾರಿಸಬಹುದು. ಕಂಪನಿಯ ಸ್ವಂತದ ‘ರಿಕ್ವೆಸ್ಟ್ ಐಡಿ’ ಇದಲ್ಲ. ಆ ಸಂಖ್ಯೆ ಕೊಡಿ ಎಂದು ಕೇಳಿ. ಕೊಡಲಾಗದಿದ್ದರೆ ಹಣ ಹೊರಟಿಲ್ಲ. ಇನ್ನೂ ನೇರವಾದ ಗುರುತು ಎಂದರೆ ಕೋರಿಕೆಯನ್ನು ರದ್ದು ಮಾಡುವ ಗುಂಡಿಯೇ. ಖಾತೆ ಸೇರಿದ ಐಎಂಪಿಎಸ್ ಪಾವತಿಯನ್ನು ಕಳಿಸಿದವರು ಒಂದು ಗುಂಡಿ ಒತ್ತಿ ವಾಪಸ್ ಎಳೆದುಕೊಳ್ಳಲಾಗದು. ಗುಂಡಿ ಕೆಲಸ ಮಾಡುತ್ತಿದೆ ಎಂದರೆ ಹಣ ಇನ್ನೂ ಅವರ ಕೈಯಲ್ಲೇ ಇದೆ.

ಈಗ ಆ 48 ಗಂಟೆಯನ್ನು ಹುಡುಗನ ಕಡೆಯಿಂದ ನೋಡೋಣ. ಇಲ್ಲಿ ನನ್ನನ್ನು ಯಾವಾಗಲೂ ಬೆರಗುಗೊಳಿಸುವ ಒಂದು ಲೆಕ್ಕವಿದೆ. ಕೋರಿಕೆ ರದ್ದು ಮಾಡಿ ಅವನು ಆಡುವುದು 96 ಪ್ರತಿಶತ ಹಿಂತಿರುಗಿಸುವ ಸ್ಲಾಟ್ ಎಂದಿಟ್ಟುಕೊಳ್ಳಿ. ನೂರಕ್ಕೆ ನಾಲ್ಕು ರೂಪಾಯಿ ಮಾತ್ರ ನಷ್ಟ ಎಂದು ಕೇಳಿದವರಿಗೆ ಹಗುರವಾಗಿ ಕಾಣುತ್ತದೆ. ಆದರೆ ಆ ನಾಲ್ಕು ರೂಪಾಯಿ ಕಟ್ಟಿದ ಹಣಕ್ಕಲ್ಲ, ಪಣಕ್ಕಿಟ್ಟ ಪ್ರತಿ ನೂರಕ್ಕೆ. ಸುತ್ತಿಗೆ 20 ರೂಪಾಯಿಯಂತೆ ನಿಮಿಷಕ್ಕೆ 10 ಸುತ್ತು ಆಡಿದರೆ ಗಂಟೆಗೆ 12,000 ರೂಪಾಯಿ ಪಣ, ಸರಾಸರಿ 480 ರೂಪಾಯಿ ನಷ್ಟ. ಎರಡು ದಿನಗಳಲ್ಲಿ ಒಟ್ಟು ಎಂಟು ಗಂಟೆ ಆಡಿದರೆ 3,840. ಸುತ್ತಿಗೆ 100 ರೂಪಾಯಿಯಾದರೆ ಅದೇ ಎಂಟು ಗಂಟೆಯ ಸರಾಸರಿ ನಷ್ಟ 19,200, ಅಂದರೆ ಅವನ ಬಳಿ ಇರುವ ಹಣದ ಸುಮಾರು ಎರಡರಷ್ಟು. ಎಂಟು ಗಂಟೆ ಮುಗಿಯುವ ಮೊದಲೇ ಬ್ಯಾಲೆನ್ಸ್ ಬರಿದಾಗುವ ಸಂಭವವೇ ಹೆಚ್ಚು.

ಇದಕ್ಕಿಂತ ಕ್ರೂರವಾದದ್ದು ಈ ಏರ್ಪಾಡಿನ ಒಮ್ಮುಖತನ. ಹುಡುಗ ರದ್ದು ಒತ್ತಿ ಆಡಿ ಸೋತನೆನ್ನಿ, ಕತೆ ಮುಗಿಯಿತು, ಕಳಿಸಲು ಏನೂ ಉಳಿದಿಲ್ಲ. ಗೆದ್ದನೆನ್ನಿ, ಆಗ ಹೊಸ ಕೋರಿಕೆ ಹಾಕಬೇಕು ಮತ್ತು 48 ಗಂಟೆಯ ಎಣಿಕೆ ಮೊದಲಿನಿಂದ ಶುರುವಾಗುತ್ತದೆ. ಗೆಲುವು ಅವನನ್ನು ಅದೇ ಗುಂಡಿಯ ಮುಂದೆ ಇನ್ನೊಮ್ಮೆ ಕೂರಿಸುತ್ತದೆ. ಹೊರಬರಬೇಕಾದರೆ ಎರಡು ದಿನವಿಡೀ, ಪ್ರತಿ ಗಳಿಗೆಯೂ, ‘ಬೇಡ’ ಎನ್ನುತ್ತಲೇ ಇರಬೇಕು. ಸಿಕ್ಕಿಬೀಳಲು ಒಂದೇ ಒಂದು ‘ಹೂಂ’ ಸಾಕು. ಬ್ಯಾಂಕಿನಿಂದ ಹೊಸದಾಗಿ ಹಣ ಹಾಕಬೇಕಾದರೆ ಪಿನ್ ಒತ್ತಬೇಕು, ಖಾತೆ ಕರಗುವುದನ್ನು ನೋಡಬೇಕು, ಅಷ್ಟರಲ್ಲಿ ಮನಸ್ಸು ಬದಲಾಗಬಹುದು. ಇಲ್ಲಿ ಅಂಥ ತಡೆಯೇ ಇಲ್ಲ. ಇನ್ನೂ ಕೈಗೆ ಬಾರದ ಗೆಲುವನ್ನು ಮನಸ್ಸು ತನ್ನ ದುಡಿಮೆಯ ಹಣವೆಂದು ಲೆಕ್ಕಕ್ಕೆ ಹಿಡಿಯುವುದೂ ಇಲ್ಲ.

ತಪಾಸಣೆ ಬೇಡವೇ ಎಂದು ಕೇಳಬಹುದು. ಬೇಕು. ಪಾನ್ ಸಂಖ್ಯೆ, ಖಾತೆಯ ಹೆಸರು, ಕದ್ದ ಕಾರ್ಡಿನ ಹಣವೇ ಎಂಬುದು, ಇವನ್ನೆಲ್ಲ ನೋಡಲೇಬೇಕು. ಆದರೆ ತಪಾಸಣೆ ನಡೆಯುವಾಗ ಹಣಕ್ಕೆ ಬೀಗ ಹಾಕಿಡಬಹುದಲ್ಲ? ಅನುಮಾನ ಇರುವ ಹಣವಾದರೆ ಅದರಲ್ಲಿ ಆಡಲು ಬಿಡುವುದು ಹೇಗೆ ಸರಿ? ಕಾಯಿಸುವುದು ಬೇರೆ, ಕಾಯುವಾಗ ಕೆರಳಿಸುವುದು ಬೇರೆ. ಕೆಲವು ಕ್ಯಾಸಿನೋಗಳಲ್ಲಿ ಆಟಗಾರ ಗ್ರಾಹಕ ಸೇವೆಗೆ ಕೇಳಿಕೊಂಡರೆ ಕೋರಿಕೆಗೆ ಬೀಗ ಬೀಳುತ್ತದೆ, ಆಮೇಲೆ ರದ್ದು ಗುಂಡಿ ಇರುವುದಿಲ್ಲ. ಬೀಗ ಹಾಕುವ ಸೌಕರ್ಯ ತಂತ್ರಾಂಶದಲ್ಲಿ ಇದ್ದೇ ಇದೆ ಎಂಬುದಕ್ಕೆ ಬೇರೆ ಪುರಾವೆ ಬೇಕಿಲ್ಲ.

ಬ್ರಿಟನ್ ಇದನ್ನು ಸರಿಯಾಗಿ ಗುರುತಿಸಿತು. ಅಲ್ಲಿ 2019ರ ಮೇ ತಿಂಗಳಿಂದ ಆಟ ಶುರುವಾಗುವ ಮೊದಲೇ ಗುರುತು ಪರಿಶೀಲಿಸಬೇಕು ಎಂದಾಯಿತು. 2020ರ ಮೇನಲ್ಲಿ, ಲಾಕ್‌ಡೌನಿನಲ್ಲಿ ಜನ ಮನೆಯೊಳಗೇ ಇದ್ದಾಗ, ಅಲ್ಲಿನ ಜೂಜು ಆಯೋಗ ರಿವರ್ಸ್ ವಿತ್‌ಡ್ರಾವಲ್ ನಿಲ್ಲಿಸುವಂತೆ ಕಂಪನಿಗಳಿಗೆ ಹೇಳಿತು. 2021ರ ಅಕ್ಟೋಬರ್ 31ರಿಂದ ಅದು ಶಾಶ್ವತ ನಿಯಮವಾಯಿತು: ಒಮ್ಮೆ ಹಣ ಕೇಳಿದ ಮೇಲೆ ಅದನ್ನು ರದ್ದು ಮಾಡುವ ಅವಕಾಶವನ್ನು ಗ್ರಾಹಕನಿಗೆ ಕೊಡುವಂತಿಲ್ಲ.

ಅದೇ ಅಕ್ಟೋಬರಿನಲ್ಲಿ ಕರ್ನಾಟಕವೂ ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ಪೊಲೀಸ್ ಕಾಯ್ದೆಯ ತಿದ್ದುಪಡಿಯಿಂದ ನಿಷೇಧಿಸಿತ್ತು. 2022ರ ಫೆಬ್ರುವರಿ 14ರಂದು ಹೈಕೋರ್ಟ್ ಆ ತಿದ್ದುಪಡಿಯ ಮುಖ್ಯ ಅಂಶಗಳನ್ನು ರದ್ದುಗೊಳಿಸಿತು. ನಮ್ಮ ಚರ್ಚೆ ಇದು ಕೌಶಲವೋ ಅದೃಷ್ಟವೋ ಎಂಬುದರ ಸುತ್ತಲೇ ಸುತ್ತಿತು. ಗುಂಡಿಯ ವಿಚಾರ ಅದರಲ್ಲಿ ಮರೆಯಾಯಿತು. 2025ರ ಆಗಸ್ಟ್ 22ರಂದು ಹಣದಾಟವನ್ನು ನಿಷೇಧಿಸುವ ಕೇಂದ್ರದ ಆನ್‌ಲೈನ್ ಗೇಮಿಂಗ್ ಕಾಯ್ದೆಗೆ ರಾಷ್ಟ್ರಪತಿಗಳ ಅಂಕಿತ ಬಿತ್ತು. ದೊಡ್ಡ ಕಂಪನಿಗಳು ಹಣದಾಟ ನಿಲ್ಲಿಸಿದವು. ಆದರೆ ವಿದೇಶದಿಂದ ನಡೆಯುವ ಕ್ಯಾಸಿನೋ ತಾಣಗಳ ಮೇಲೆ ಇಲ್ಲಿನ ಕಾಯ್ದೆಯ ಹಿಡಿತ ಸಡಿಲ, ಮತ್ತು ಅಲ್ಲೇ ಈ ಪೆಂಡಿಂಗ್ ಆಟ ಜೋರು.

ಅಲ್ಲಿ ಇನ್ನೊಂದು ಮೋಸವೂ ಸೇರಿಕೊಳ್ಳುತ್ತದೆ: ‘ತೆರಿಗೆ ಕಟ್ಟಿ, ಆಮೇಲೆ ಹಣ ಬಿಡುತ್ತೇವೆ’ ಎಂಬುದು. ಆದಾಯ ತೆರಿಗೆಯ 194ಬಿಎ ಕಲಂ 2023ರ ಏಪ್ರಿಲ್‌ನಿಂದ ಜಾರಿಗೆ ಬಂದಾಗ ಕ್ರಮ ಸ್ಪಷ್ಟವಾಗಿತ್ತು. ನಮ್ಮ ಹುಡುಗ 2,000 ಕಟ್ಟಿ 10,000 ತೆಗೆದರೆ ನಿವ್ವಳ ಗೆಲುವು 8,000, ಅದರ 30 ಪ್ರತಿಶತ 2,400. ಅಷ್ಟನ್ನು ಮುರಿದುಕೊಂಡು 7,600 ಕಳಿಸಬೇಕು. ತೆರಿಗೆಯನ್ನು ಕೊಡುವ ಹಣದಲ್ಲೇ ಮುರಿಯುತ್ತಾರೆ, ಆಟಗಾರನಿಂದ ಮುಂಗಡ ಕೇಳುವುದಿಲ್ಲ. ಕೇಳಿದರೆ ಆ ದುಡ್ಡು ಬರುವುದಿಲ್ಲ ಎಂದು ತಿಳಿದು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ನಾನು ಎಲ್ಲರ ಬಳಿ ಕೇಳಿಕೊಳ್ಳುವುದು ಒಂದು ಅಧ್ಯಯನಕ್ಕಾಗಿ. ಪ್ರತಿ ಕೋರಿಕೆಗೂ ಮೂರು ಸಮಯಗಳಿರುತ್ತವೆ: ಕೇಳಿದ್ದು, ರದ್ದು ಮಾಡಿದ್ದು, ಕಳಿಸಿದ್ದು. ಹಣದಾಟ ನಿಲ್ಲಿಸಿದ ಕಂಪನಿಗಳಿಂದ ಈ ಮೂರನ್ನು ಆಟಗಾರರ ಹೆಸರು ತೆಗೆದು ಪಡೆದರೆ, ಕಾಯಿಸುವ ಗಂಟೆ ಹೆಚ್ಚಿದಷ್ಟೂ ರದ್ದತಿ ಎಷ್ಟು ಹೆಚ್ಚಿತು, ರದ್ದು ಮಾಡಿದ ಹಣದಲ್ಲಿ ಎಷ್ಟು ಪಾಲು ಕೊನೆಗೂ ಬ್ಯಾಂಕ್ ಸೇರಿತು ಎಂದು ಲೆಕ್ಕ ಹಾಕಬಹುದು. ಸಂಜಯನಗರದ ಪಕ್ಕದಲ್ಲೇ ಭಾರತೀಯ ವಿಜ್ಞಾನ ಸಂಸ್ಥೆ ಇದೆ, ಊರಿನ ಇನ್ನೊಂದು ಕಡೆ ನಿಮ್ಹಾನ್ಸ್ 2014ರಿಂದ ತಂತ್ರಜ್ಞಾನದ ಚಟಕ್ಕೆ ಚಿಕಿತ್ಸೆ ಕೊಡುವ ಶಟ್ ಕ್ಲಿನಿಕ್ ನಡೆಸುತ್ತಿದೆ. ಲೆಕ್ಕ ಬಲ್ಲವರೂ ಇಂಥ ಚಟಕ್ಕೆ ಸಿಕ್ಕವರನ್ನು ಬಲ್ಲವರೂ ಒಂದೇ ಊರಿನಲ್ಲಿದ್ದಾರೆ. ಆ ದಾಖಲೆಗಳನ್ನು ಅಳಿಸುವ ಮೊದಲು ಸರ್ಕಾರ ಅವನ್ನು ಕೇಳಿ ಪಡೆದು ಇವರ ಕೈಗೆ ಕೊಡಬೇಕು.