ಮಾರುವೇಷದ ಮೊತ್ತ

ಮೊಬೈಲಿನ ಕ್ಯಾಲ್ಕ್ಯುಲೇಟರ್ ತೆರೆದು 1/11, 1/12, 1/13 ಎಂದು 1/20ರವರೆಗೆ ಹತ್ತು ಭಿನ್ನರಾಶಿಗಳನ್ನು ಕೂಡಿ ನೋಡಿ. 0.6688 ಬರುತ್ತದೆ. 1/101ರಿಂದ 1/200ರವರೆಗಿನ ನೂರನ್ನು ಕೂಡುವಷ್ಟು ತಾಳ್ಮೆ ಇದ್ದರೆ 0.6907 ಸಿಗುತ್ತದೆ. 1/1001ರಿಂದ 1/2000ರವರೆಗೆ ಹೋದರೆ 0.6929. ಮೊತ್ತ ಏರುತ್ತಿದೆ, ಆದರೆ ಏರಿಕೆಯ ವೇಗ ಕುಗ್ಗುತ್ತಿದೆ. ಎಲ್ಲೋ ಒಂದು ಕಡೆ ನಿಲ್ಲುವ ಲಕ್ಷಣ.

ಪುಸ್ತಕದಲ್ಲಿ ಈ ಮೊತ್ತವನ್ನು ಹೀಗೆ ಬರೆದಿರುತ್ತಾರೆ:

1/(n+1) + 1/(n+2) + … + 1/(2n)

n ಅನಂತದತ್ತ ಹೋದಾಗ ಇದರ ಮಿತಿ ಎಷ್ಟು ಎಂಬುದು ಪ್ರಶ್ನೆ. ಪಿಯುಸಿ ತರಗತಿಯಲ್ಲಿ ಇದನ್ನು ಬೋರ್ಡಿನ ಮೇಲೆ ಬರೆದರೆ ಎರಡು ಉತ್ತರಗಳು ತಟ್ಟನೆ ಬರುತ್ತವೆ. ಒಂದೊಂದು ಪದವೂ ಸೊನ್ನೆಯಾಗುತ್ತಿದೆ, ಹಾಗಾಗಿ ಮೊತ್ತವೂ ಸೊನ್ನೆ ಎನ್ನುತ್ತಾರೆ ಕೆಲವರು. ಪದಗಳು ಲೆಕ್ಕವಿಲ್ಲದಷ್ಟು, ಹಾಗಾಗಿ ಮೊತ್ತ ಅನಂತ ಎನ್ನುತ್ತಾರೆ ಇನ್ನು ಕೆಲವರು. ಇಬ್ಬರೂ ಅರ್ಧ ಸತ್ಯವನ್ನೇ ಹಿಡಿದಿದ್ದಾರೆ. ಪದಗಳು ಸಣ್ಣದಾಗುತ್ತಿರುವುದೂ ನಿಜ, ಹೆಚ್ಚುತ್ತಿರುವುದೂ ನಿಜ. ಇರುವುದು n ಪದಗಳು. ಅವುಗಳಲ್ಲಿ ಯಾವುದೂ 1/nಗಿಂತ ದೊಡ್ಡದಲ್ಲ, 1/(2n)ಗಿಂತ ಚಿಕ್ಕದಲ್ಲ. ಹಾಗಾಗಿ ಮೊತ್ತ ಅರ್ಧ ಮತ್ತು ಒಂದರ ನಡುವೆಯೇ ಇರಬೇಕು. ನಡುವೆ ಎಲ್ಲಿ ಎಂಬುದಕ್ಕೆ ಚಿತ್ರ ಬರೆಯಬೇಕು.

n ಅನ್ನು 4 ಎಂದು ಇಟ್ಟುಕೊಳ್ಳೋಣ. ಆಗ ಮೊತ್ತ 1/5 + 1/6 + 1/7 + 1/8, ಅಂದರೆ 0.6345. ಇಲ್ಲಿ 1/5 ಅನ್ನು ¼ × 4/5 ಎಂದು ಬರೆಯಿರಿ. ಬೆಲೆ ಬದಲಾಗಲಿಲ್ಲ, ನೋಟ ಬದಲಾಯಿತು: ಈಗದು ಕಾಲು ಅಗಲ, 4/5 ಎತ್ತರ ಇರುವ ಒಂದು ಪಟ್ಟಿಯ ವಿಸ್ತೀರ್ಣ. ಉಳಿದ ಮೂರೂ ಕಾಲು ಅಗಲದ ಪಟ್ಟಿಗಳೇ; ಎತ್ತರ ಮಾತ್ರ 4/6, 4/7, 4/8. ನಾಲ್ಕನ್ನೂ ಒತ್ತೊತ್ತಾಗಿ ನಿಲ್ಲಿಸಿದರೆ 0ಯಿಂದ 1ರವರೆಗಿನ ಜಾಗ ಭರ್ತಿಯಾಗುತ್ತದೆ, ತಲೆಗಳು ಮೆಟ್ಟಿಲಿನಂತೆ ಇಳಿಯುತ್ತವೆ. 4/5 ಎಂದರೆ 1/(1 + ¼), 4/6 ಎಂದರೆ 1/(1 + 2/4). ಹೀಗೆ ಪ್ರತಿ ಪಟ್ಟಿಯ ಬಲತುದಿಯಲ್ಲಿ x ಎಷ್ಟಿದೆಯೋ ಅದನ್ನು 1/(1+x)ಗೆ ಹಾಕಿದರೆ ಅದರ ಎತ್ತರ ಸಿಗುತ್ತದೆ. ಅಂದರೆ ಮೆಟ್ಟಿಲುಗಳೆಲ್ಲ y = 1/(1+x) ಎಂಬ ವಕ್ರರೇಖೆಯ ಕೆಳಗೆ ಅದಕ್ಕೆ ತಾಗಿಕೊಂಡು ನಿಂತಿವೆ.

ರೇಖೆ ಇಳಿಜಾರಾಗಿರುವುದರಿಂದ ಬಲತುದಿಯ ಎತ್ತರ ಹಿಡಿದರೆ ಪಟ್ಟಿಗಳು ರೇಖೆಯ ಒಳಗೇ ಉಳಿಯುತ್ತವೆ. ಎಡತುದಿಯ ಎತ್ತರ ಹಿಡಿದರೆ ಹೊರಗೆ ಚಾಚುತ್ತವೆ. ಆಗಿನ ಮೊತ್ತ 1/4 + 1/5 + 1/6 + 1/7, ಅಂದರೆ 0.7595. ರೇಖೆಯ ಕೆಳಗಿನ ನಿಜವಾದ ವಿಸ್ತೀರ್ಣ ಇವೆರಡರ ನಡುವೆ ಇದೆ. ಎರಡರ ಅಂತರ 1/4 − 1/8, ಅಂದರೆ 1/8. n ಪಟ್ಟಿಗಳಿದ್ದರೆ ಅಂತರ 1/(2n). n ಬೆಳೆದಂತೆ ಅದು ಸೊನ್ನೆಗಿಳಿಯುತ್ತದೆ, ಹಾಗಾಗಿ ಎರಡು ಮೊತ್ತಗಳೂ ನಡುವೆ ಸಿಕ್ಕಿಕೊಂಡ ವಿಸ್ತೀರ್ಣದ ಮೇಲೆಯೇ ಬಂದು ಕೂರಬೇಕು. ಆ ವಿಸ್ತೀರ್ಣವೇ 0ಯಿಂದ 1ರವರೆಗೆ 1/(1+x)ನ ನಿಶ್ಚಿತ ಅನುಕಲ, ಅಂದರೆ ಡೆಫಿನಿಟ್ ಇಂಟಿಗ್ರಲ್. ಅದರ ಬೆಲೆ log 2, ಸ್ವಾಭಾವಿಕ ಲಾಗರಿದಮ್‌ನಲ್ಲಿ 0.6931.

ಇಂಥ ಮೊತ್ತಗಳಿಗೆ ರೀಮನ್ ಮೊತ್ತ ಎಂದು ಹೆಸರು. ಜರ್ಮನಿಯ ಬರ್ನ್‌ಹಾರ್ಡ್ ರೀಮನ್ 1854ರಲ್ಲಿ ಗಟ್ಟಿಂಗೆನ್‌ನಲ್ಲಿ ಒಪ್ಪಿಸಿದ ಪ್ರಬಂಧದಲ್ಲಿ, ಪಟ್ಟಿಯ ಎತ್ತರವನ್ನು ಎಡತುದಿ, ಬಲತುದಿ, ನಡು ಎಲ್ಲಿ ಬೇಕಾದರೂ ಅಳೆಯಲು ಬಿಟ್ಟ. ಎಲ್ಲಿ ಅಳೆದರೂ ಒಂದೇ ಮಿತಿ ಬಂದರೆ ಅದನ್ನು ಅನುಕಲ ಎನ್ನೋಣ ಎಂದ. ಅನುಕಲದ ∫ ಚಿಹ್ನೆ ಇನ್ನೂ ಹಳೆಯದು: 1675ರಲ್ಲಿ ಲೈಬ್ನಿಟ್ಸ್ ಬರೆದ ಉದ್ದನೆಯ ಎಸ್ ಅಕ್ಷರ, ಲ್ಯಾಟಿನ್‌ನಲ್ಲಿ ಮೊತ್ತ ಎಂಬರ್ಥದ ‘ಸುಮ್ಮ’ ಪದದ ಮೊದಲಕ್ಷರ.

ಕೈಕೆಲಸ ಇಷ್ಟೇ: ಮೊತ್ತದ ಒಳಗಿನಿಂದ 1/n ಅನ್ನು ಹೊರಗೆಳೆಯಬೇಕು, ಅದು ಅಗಲ, ಅದೇ dx. ಉಳಿದದ್ದರಲ್ಲಿ k ಮತ್ತು n ಬೇರೆ ಬೇರೆ ಕಾಣಬಾರದು, k/n ಎಂಬ ಜೋಡಿಯಾಗಿ ಮಾತ್ರ ಇರಬೇಕು. ಆ ಜೋಡಿಯೇ x. ಮಕ್ಕಳು ಎಡವುವುದು ಈ ಎರಡನೆಯ ಹೆಜ್ಜೆಯಲ್ಲಿ. n/(n² + k²) ಎಂಬ ಪದವನ್ನು k = 1ರಿಂದ nವರೆಗೆ ಕೂಡಬೇಕು ಎನ್ನಿ. ಮೇಲೆ ಕೆಳಗೆ n²ನಿಂದ ಭಾಗಿಸಿದರೆ (1/n) × 1/(1 + (k/n)²) ಆಗುತ್ತದೆ. ಜೋಡಿ ಕೆಡಲಿಲ್ಲ. 0ಯಿಂದ 1ರವರೆಗೆ 1/(1+x²)ನ ಅನುಕಲ π/4, ಸುಮಾರು 0.785.

ಈಗ ಅದೇ ಪದದಲ್ಲಿ k²ನ ವರ್ಗಚಿಹ್ನೆ ಅಳಿಸಿ: n/(n² + k). ನೋಡಲು ಅಣ್ಣತಮ್ಮಂದಿರು. ಆದರೆ ಭಾಗಿಸಿದರೆ ಬರುವುದು (1/n) × 1/(1 + k/n²). ಒಳಗಿರುವುದು k/n ಅಲ್ಲ, k/n². k ಕೊನೆಯವರೆಗೆ ಹೋದರೂ ಇದು 1/n ದಾಟುವುದಿಲ್ಲ, ಅಂದರೆ ಎಲ್ಲ ಪಟ್ಟಿಗಳ ಎತ್ತರವೂ ಹೆಚ್ಚುಕಡಿಮೆ 1. ಮಿತಿ 1. ಇದನ್ನೂ x ಎಂದುಕೊಂಡು ಅನುಕಲಿಸಿದವರು ನೀಟಾಗಿ log 2 ಎಂದು ತಪ್ಪು ಉತ್ತರ ಬರೆದುಬರುತ್ತಾರೆ. ಅನುಮಾನ ಬಂದರೆ n = 10 ಹಾಕಿ ಕೂಡಿ ನೋಡುವುದು ಒಳ್ಳೆಯದು: ಮೊದಲನೆಯದು 0.76, ಎರಡನೆಯದು 0.95. log 2ಗೆ ಅಲ್ಲಿ ಜಾಗವಿಲ್ಲವೆಂದು ಎರಡು ನಿಮಿಷದಲ್ಲಿ ಗೊತ್ತಾಗುತ್ತದೆ.

ಇನ್ನೊಂದು ಎಡವು, 0ಯಿಂದ 1 ಎಂದು ಕಣ್ಣುಮುಚ್ಚಿ ಬರೆಯುವುದು. ನಮ್ಮ ಮೊದಲ ಮೊತ್ತವನ್ನೇ 1/(2n)ಗೆ ನಿಲ್ಲಿಸದೆ 1/(3n)ವರೆಗೆ ಎಳೆದರೆ k ಓಡುವುದು 2nವರೆಗೆ. ಅಗಲ ಈಗಲೂ 1/n, ಆದರೆ ಪಟ್ಟಿಗಳು ಎರಡು ಪಟ್ಟು. k/n ಮುಟ್ಟುವುದು 2 ಅನ್ನು, ಉತ್ತರ log 3.

ಮಾರುವೇಷ ಗಾಢವಾದಾಗ 1/n ಹುಡುಕಲೂ ಜಾಗವಿರುವುದಿಲ್ಲ. 1 − 1/2 + 1/3 − 1/4 + … ಎಂಬ ಹೆಸರಾಂತ ಶ್ರೇಣಿಯನ್ನು ನೋಡಿ. ಇಲ್ಲಿ n ಇಲ್ಲ, ಪಟ್ಟಿ ಇಲ್ಲ, ಮೇಲಾಗಿ ಋಣಚಿಹ್ನೆಗಳು. ನಾಲ್ಕೇ ಪದಗಳಿಗೆ ನಿಲ್ಲಿಸೋಣ. ಕಳೆಯಬೇಕಾದ 1/2 ಮತ್ತು 1/4ನ್ನು ಮೊದಲು ಕೂಡಿಬಿಟ್ಟು, ಆಮೇಲೆ ಎರಡೆರಡು ಸಲ ಕಳೆದರೆ ಲೆಕ್ಕ ಸರಿಯಾಗುತ್ತದೆ. 1/2ರ ಎರಡರಷ್ಟು 1, 1/4ರ ಎರಡರಷ್ಟು 1/2. ಹಾಗಾಗಿ

(1 + 1/2 + 1/3 + 1/4) − (1 + 1/2) = 1/3 + 1/4

ಮೊದಲರ್ಧ ಹೊಡೆದುಹೋಯಿತು, ಉಳಿದದ್ದು n = 2 ಇದ್ದಾಗಿನ ನಮ್ಮ ಹಳೆಯ ಮೊತ್ತ. 2n ಪದಗಳಿಗೆ ನಿಲ್ಲಿಸಿದರೂ ಇದೇ ಕಥೆ: 1/nವರೆಗಿನದೆಲ್ಲ ಹೊಡೆದುಹೋಗಿ 1/(n+1)ರಿಂದ 1/(2n)ವರೆಗಿನದು ಉಳಿಯುತ್ತದೆ. ಬೆಸಸಂಖ್ಯೆಯಲ್ಲಿ ನಿಲ್ಲಿಸಿದರೆ ವ್ಯತ್ಯಾಸ ಒಂದೇ ಪದದ್ದು, ಅದೂ ಸೊನ್ನೆಗಿಳಿಯುವಂಥದ್ದು. ಹಾಗಾಗಿ ಈ ಶ್ರೇಣಿಯ ಮೊತ್ತವೂ log 2. ಇದರ ಮೊದಲ ಎಂಟು ಪದಗಳನ್ನು ಕೂಡಿ ಕಳೆದು ನೋಡಿದರೆ 0.6345 ಬರುತ್ತದೆ, ಮೇಲೆ ನಿಲ್ಲಿಸಿದ ಆ ನಾಲ್ಕು ಪಟ್ಟಿಗಳ ವಿಸ್ತೀರ್ಣ.